ಮಗಳು ಹೇಳಿದ ಗುರುತಿಗೆ ಆಟೋ ಮನೆ ತಲುಪಬೇಕು

ಮಗಳಿಗೆ ನಾಲ್ಕು ತುಂಬಿದ ಮೇಲೆ ಮನೆ ವಿಳಾಸ ಬಾಯಿಪಾಠ ಮಾಡಿಸಿದೆ. ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೆಯೇ: ಮನೆ ನಂಬರು, ಎರಡನೇ ಮೇನ್, ನಾಲ್ಕನೇ ಕ್ರಾಸ್, ಕ್ಯಾತ್ಸಂದ್ರ, ತುಮಕೂರು. ವಾರದೊಳಗೆ ಶಿಶುಗೀತೆಯ ಥರ ರಾಗವಾಗಿ ಹೇಳತೊಡಗಿದಳು.

ಅದು ಕೆಲಸಕ್ಕೆ ಬರುವುದಿಲ್ಲ ಅಂತ ಗೊತ್ತಾದದ್ದು ನನ್ನ ತಮ್ಮ ಊರಿಂದ ಬಂದಾಗ. "ನಿಮ್ಮನೆ ಎಲ್ಲಿ ಪುಟ್ಟಿ?" ಅಂತ ಸುಮ್ಮನೆ ಕೇಳಿದ. "ಅಲ್ಲೇ, ನಾಯಿ ಇದೆಯಲ್ಲ ಮಾವ, ಅಲ್ಲಿ." "ಅಮ್ಮನ ಹೆಸರೇನು?" "ಅಮ್ಮ." ನಾನು "ವಿಳಾಸ ಹೇಳು ಚಿನ್ನಿ" ಅಂದ ತಕ್ಷಣ ಇಡೀ ಪಾಠ ಹೊರಬಂತು. ವಿಳಾಸ ಅನ್ನುವ ಪದ ಕಿವಿಗೆ ಬಿದ್ದರೆ ಮಾತ್ರ ಆ ಹಾಡು ಶುರು. ಆದರೆ ದಾರಿಯಲ್ಲಿ ಸಿಕ್ಕವರು ಮಗುವನ್ನು ವಿಳಾಸ ಕೇಳುವುದಿಲ್ಲ. "ಯಾವೂರು ಮಗಾ, ಯಾರ ಜೊತೆ ಬಂದೆ, ನಿಮ್ಮಪ್ಪ ಯಾರು" ಅಂತಾರೆ.

ಹಾಗಾಗಿ ಹಾಡು ಬಿಟ್ಟು ಪ್ರಶ್ನೆ ಹಿಡಿದೆ. ದಿನಕ್ಕೆ ಎರಡೇ ಪ್ರಶ್ನೆ, ಊಟ ಮಾಡಿಸುವಾಗ, ಪ್ರತಿ ಸಲ ಮಾತು ಬದಲಿಸಿ. ಅಪ್ಪ ಅಮ್ಮನ ಹೆಸರು ಹೇಳೋದು ತಪ್ಪು ಅನ್ನುವ ಭಾವ ಅವಳಲ್ಲಿ ಎಲ್ಲಿಂದ ಬಂದಿತ್ತೋ, ಅದು ಬಿಡಲು ಹತ್ತು ದಿನ ಹಿಡಿಯಿತು.

ಗುರುತುಗಳದ್ದೇ ದೊಡ್ಡ ಕಥೆ. ಒಂದು ಭಾನುವಾರ ಬಸ್ ಸ್ಟ್ಯಾಂಡ್ ಹತ್ತಿರ ಆಟೋ ಹತ್ತಿ, "ಅಣ್ಣ, ಮಗು ಹೇಳಿದ ಕಡೆ ಮಾತ್ರ ಹೋಗಿ, ನಾನು ಮಾತಾಡಲ್ಲ" ಅಂದೆ. ಕ್ಯಾತ್ಸಂದ್ರ ಅವಳ ಬಾಯಲ್ಲಿ "ಕ್ಯಾಚಂದ" ಆಯಿತು. ಡ್ರೈವರಣ್ಣ ಎರಡು ಸಲ ಕೇಳಿ ಅರ್ಥ ಮಾಡಿಕೊಂಡರು. ನಾಲ್ಕನೇ ಕ್ರಾಸ್ ಅಂದಿದ್ದಕ್ಕೆ, "ಯಾವ ಬಡಾವಣೆಯ ನಾಲ್ಕನೇ ಕ್ರಾಸಮ್ಮ?" ಅಂದರು. ಅದಕ್ಕೆ ಅವಳು "ಆಂಜನೇಯ ಗುಡಿ" ಅಂದಳು. ಅವರು ನಿಲ್ಲಿಸಿದ್ದು ಬೇರೆ ಆಂಜನೇಯನ ಮುಂದೆ. ಅಲ್ಲಿಂದ ಮುಂದೆ ಅವಳಿಗೆ ಗೊತ್ತಿದ್ದದ್ದು ನೀಲಿ ಗೇಟು ಒಂದೇ, ಸುತ್ತ ಎಲ್ಲೂ ನೀಲಿ ಗೇಟಿಲ್ಲ. ಅವಳ ತುಟಿ ನಡುಗಿತು, ನಾನು ಬಾಯಿ ಬಿಟ್ಟೆ.

ಮಗುವಿನ ಕಣ್ಣಿಗೆ ಬೀಳುವ ಗುರುತು ಬೇರೆಯವರಿಗೆ ಗೊತ್ತಿರಲ್ಲ, ಬೇರೆಯವರಿಗೆ ಗೊತ್ತಿರುವ ಬೋರ್ಡು ಮಗುವಿಗೆ ಕಾಣಲ್ಲ. ನಾನು ಅವಳ ಎತ್ತರಕ್ಕೆ ಕೂತು ನಮ್ಮ ರಸ್ತೆ ನೋಡಿದೆ. ನಿಂತ ಬೈಕುಗಳು ಬಿಟ್ಟರೆ ಏನೂ ಕಾಣಲಿಲ್ಲ. ಕೊನೆಗೆ ಮೂರು ಗುರುತು ಉಳಿಸಿಕೊಂಡೆ. ಒಂದು ಇಡೀ ಜಿಲ್ಲೆಗೆ ಗೊತ್ತಿರುವುದು, ಸಿದ್ಧಗಂಗೆ ಮಠ. ಕ್ಯಾತ್ಸಂದ್ರ ಅನ್ನಲು ನಾಲಿಗೆ ಹೊರಳದಿದ್ದರೂ ಇದರಿಂದ ಜನ ಅರ್ಧ ದಾರಿ ಬರುತ್ತಾರೆ. ಇನ್ನೊಂದು ಏರಿಯಾದವರಿಗೆ ಗೊತ್ತಿರುವುದು, ದೂರದಿಂದಲೂ ಕಾಣುವ ನೀರಿನ ಟ್ಯಾಂಕು. ಮೂರನೆಯದು ನಮ್ಮ ಬೀದಿಯ ರಾಗಿ ಮಿಷನ್. ಅದರ ಸದ್ದು, ಬಿಸಿ ಹಿಟ್ಟಿನ ವಾಸನೆ ಅವಳಿಗೆ ಚೆನ್ನಾಗಿ ಪರಿಚಯ, ಮಿಷನ್ ಅಣ್ಣನಿಗೂ ಅವಳು ಗೊತ್ತು. ಮನೆ ಬಾಗಿಲವರೆಗೆ ಅವಳು ದಾರಿ ಹೇಳಬೇಕಿಲ್ಲ, ಅವಳನ್ನು ಗುರುತಿಸುವ ಒಬ್ಬರ ಹತ್ತಿರ ತಲುಪಿದರೆ ಸಾಕು. ಟೀ ಅಂಗಡಿ, ಬಣ್ಣ ಬಳಿದ ಗೋಡೆ ಕೈಬಿಟ್ಟೆ, ಅವು ಇವತ್ತಿದ್ದು ನಾಳೆ ಇರಲ್ಲ.

ನಡೆದು ಹೋಗುವಾಗ ದೂರದಿಂದ ಹತ್ತಿರಕ್ಕೆ ಅದೇ ಕ್ರಮದಲ್ಲಿ ಅವಳೇ ತೋರಿಸುವ ಹಾಗೆ ಮಾಡಿದೆ. ತಿಂಗಳಾದ ಮೇಲೆ ಮತ್ತೆ ಆಟೋ ಹತ್ತಿದೆವು, ಬೇರೆ ಡ್ರೈವರ್. "ಮಠದ ಹತ್ರ, ನೀರಿನ ಟ್ಯಾಂಕ್ ಹತ್ರ, ರಾಗಿ ಮಿಷನ್ ಬೀದಿ." ಟ್ಯಾಂಕಿನ ಹತ್ತಿರ ಅವರು ಒಬ್ಬ ಅಂಗಡಿಯವರನ್ನು ಕೇಳಿದರು, ಅಷ್ಟೇ, ನೇರ ಮಿಷನ್ ಮುಂದೆ ನಿಂತೆವು.

ಫೋನ್ ನಂಬರನ್ನು ನಾವು ಐದೈದಾಗಿ ಹೇಳುತ್ತೇವೆ, ಅವಳಿಗೆ ಅದು ಉದ್ದ. ಎರಡು, ಮೂರು, ಎರಡು, ಮೂರು ಅಂತ ಒಡೆದ ಮೇಲೆ ಕೂತಿತು. ನಮ್ಮತ್ತೆ ಕನ್ನಡದಲ್ಲಿ, ನಾನು ಇಂಗ್ಲಿಷಿನಲ್ಲಿ ಹೇಳಿಕೊಡುತ್ತಿದ್ದೆವು. ಅದರಿಂದ ನಡುವೆ ಅಂಕಿ ಜಾರುತ್ತಿತ್ತು. ಈಗ ಎಲ್ಲರೂ ಇಂಗ್ಲಿಷಿನಲ್ಲೇ.

ಕಲಿತ ಮೇಲೆ ಪಾರ್ಕಿನಲ್ಲಿ ಯಾರೋ ಮಾತಾಡಿಸಿದರೆಂದು ಪೂರ್ತಿ ಒಪ್ಪಿಸಿಬಿಟ್ಟಳು. ಎದೆ ಝಲ್ ಅಂತು. ಆಮೇಲೆ ಒಂದು ನಿಯಮ ಸೇರಿಸಿದೆ: ನೀನೇ ಹೋಗಿ ಸಹಾಯ ಕೇಳಿದಾಗ ಹೇಳು, ಅವರಾಗಿ ಬಂದು ಕೇಳಿದರೆ ಅಮ್ಮನನ್ನು ಕರಿ. ಕೇಳುವುದು ಯಾರನ್ನು ಅಂದರೆ ಅಂಗಡಿ ಗಲ್ಲಾದಲ್ಲಿ ಕೂತವರನ್ನು, ಪೊಲೀಸರನ್ನು, ಮಗು ಎತ್ತಿಕೊಂಡ ಆಂಟಿಯನ್ನು. ಕೇಳಿ ಅಲ್ಲೇ ನಿಲ್ಲಬೇಕು, ಯಾರ ಗಾಡಿಯನ್ನೂ ಹತ್ತಬಾರದು. ಗುರುತೆಲ್ಲ ಅವರು ನಮ್ಮನ್ನೋ 1098 ಮಕ್ಕಳ ಸಹಾಯವಾಣಿಯನ್ನೋ ಕರೆಯುವಾಗ ಬೇಕಾಗುತ್ತದೆ.

ಅತ್ತರೆ ಇವತ್ತಿಗೂ ಎಲ್ಲ ಮರೆಯುತ್ತಾಳೆ. ಮಠದ ಶಿವರಾತ್ರಿ ಜಾತ್ರೆಗೆ ಹೋಗುವಾಗ ಅವಳ ಫ್ರಾಕಿನ ಒಳ ಅಂಚಿಗೆ ನನ್ನ ನಂಬರ್ ಬರೆದ ಬಟ್ಟೆ ಚೂರು ಹೊಲಿದಿರುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. "ಅಳು ಬಂದರೆ ಇದನ್ನು ತೋರಿಸು" ಅಂತ ಹೇಳಿಕೊಟ್ಟಿದ್ದೇನೆ. ಗೇಟು ದಾಟುವ ಮೊದಲು ಅವಳೇ ಒಮ್ಮೆ ಅಂಚು ಮಡಚಿ ನೋಡಿಕೊಳ್ಳುತ್ತಾಳೆ.