ಸಂತೆಕಟ್ಟೆಯ ಹಾಲ್‌ನ ಸೀಲಿಂಗ್ ಬಿಚ್ಚಿ ಮತ್ತೆ ಕಟ್ಟಿದ್ದು

ಉಡುಪಿಯ ಸಂತೆಕಟ್ಟೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರ ಮನೆಯಿಂದ ನನಗೆ ಕರೆ ಬಂದದ್ದು ಆಟಿ ತಿಂಗಳ ಜಡಿಮಳೆಯ ನಡುವೆ. ಹಾಲ್‌ನ ಜಿಪ್ಸಂ ಸೀಲಿಂಗ್ ಮಧ್ಯದಲ್ಲಿ ಜೋತುಬಿದ್ದಿತ್ತು, ಉದ್ದಕ್ಕೂ ಕೂದಲೆಳೆಯಂಥ ಬಿರುಕು ಓಡಿತ್ತು. ಅದಕ್ಕಿಂತ ಅವರನ್ನು ಕಾಡುತ್ತಿದ್ದದ್ದು ಬೇರೆ. "ಮಳೆ ಜೋರಾದರೆ ಇಡೀ ಮನೆಯ ಕರೆಂಟ್ ಹೋಗುತ್ತದೆ ಮಾರಾಯರೇ, ಬಿಸಿಲು ಬಂದರೆ ಏನೂ ಇಲ್ಲ. ವಯರಿಂಗ್‌ನವರು ಎರಡು ಸಲ ಬಂದು ಹೋದರು" ಎಂದರು. "ಟೀಚರ್, ಸೀಲಿಂಗ್ ಬಿಚ್ಚದೆ ನಾನು ಏನೂ ಹೇಳಲಾರೆ" ಎಂದೆ. ಕೆಲಸ ಮುಗಿದು ಮೂರೇ ವರ್ಷವಾಗಿದ್ದರಿಂದ ಅವರಿಗೆ ಬೇಸರವಾಯಿತು, ಆದರೂ ಒಪ್ಪಿದರು.

ಮೊದಲು ಮೈನ್ ಆಫ್ ಮಾಡಿಸಿ, ನಡುವಿನ ಒಂದು ಬೋರ್ಡನ್ನು ಇಳಿಸಿದೆವು. ಹಾಲ್ 4.8 ಮೀಟರ್ ಉದ್ದ, 3.6 ಮೀಟರ್ ಅಗಲ. ಅಗಲಕ್ಕೆ ಅಡ್ಡವಾಗಿ, ಸೀಲಿಂಗ್‌ನ ಭಾರ ಹೊರುವ ಇಂಟರ್‌ಮೀಡಿಯೆಟ್ ಚಾನಲ್ ನಾಲ್ಕು ಸಾಲು ಹಾಕಿದ್ದರು, ಅದು ಸರಿಯಾಗಿಯೇ ಇತ್ತು. ಆದರೆ ಒಂದೊಂದು ಸಾಲನ್ನು ಮೇಲಿನ ಸ್ಲ್ಯಾಬ್‌ಗೆ ಹಿಡಿದಿದ್ದದ್ದು ಎರಡೇ ಹ್ಯಾಂಗರ್. ಅವುಗಳ ನಡುವೆ 1.8 ಮೀಟರ್ ಅಂತರ. ಇಡೀ ಸೀಲಿಂಗ್‌ಗೆ ಎಂಟು ಹ್ಯಾಂಗರ್ ಮಾತ್ರ, ಅವುಗಳಲ್ಲೂ ಮೂರನ್ನು ಸ್ಲ್ಯಾಬ್‌ನಲ್ಲಿ ಮರದ ಗೂಟ ಹೊಡೆದು ಸ್ಕ್ರೂ ಮಾಡಿದ್ದರು.

ಎಂಟು ಹ್ಯಾಂಗರ್ ಆ ಭಾರವನ್ನು ಹೊರಲಾರವು ಎಂದೇನಲ್ಲ. ಲೆಕ್ಕ ಹಾಕಿ ನೋಡಿ. 12.5 ಮಿಲಿಮೀಟರ್ ದಪ್ಪದ ಬೋರ್ಡ್ ಚದರ ಮೀಟರಿಗೆ ಸುಮಾರು 9 ಕಿಲೋ ತೂಗುತ್ತದೆ. ಚೌಕಟ್ಟು, ಸ್ಕ್ರೂ, ಜಾಯಿಂಟ್ ಹಿಟ್ಟು ಎಲ್ಲ ಸೇರಿಸಿ ನಾನು 12 ಕಿಲೋ ಎಂದು ಹಿಡಿಯುತ್ತೇನೆ. ಆ ಹಾಲ್‌ಗೆ ಒಟ್ಟು ಸುಮಾರು 207 ಕಿಲೋ, ಅದರಲ್ಲಿ ಸ್ವಲ್ಪವನ್ನು ಗೋಡೆಯ ಚಾನಲ್ ಹೊರುತ್ತದೆ. ಒಂದು ಹ್ಯಾಂಗರ್‌ಗೆ ಹೆಚ್ಚೆಂದರೆ 26 ಕಿಲೋ. ಸರಿಯಾಗಿ ಕೂರಿಸಿದ ಲೋಹದ ಆ್ಯಂಕರ್‌ಗೆ ಅದು ದೊಡ್ಡ ಭಾರವೇ ಅಲ್ಲ. ಹ್ಯಾಂಗರ್ ಕಿತ್ತು ಬರುವ ಮೊದಲೇ ಬಾಗುವುದು ಅವುಗಳ ನಡುವಿನ ಚಾನಲ್. ಒಂದು ಮಿಲಿಮೀಟರ್ ದಪ್ಪವೂ ಇಲ್ಲದ ತಗಡು ಅದು. ಆಧಾರಗಳ ಅಂತರ ಹೆಚ್ಚಿದಂತೆ ಅದರ ಬಾಗು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಅಂತರದ ನಾಲ್ಕನೆಯ ಘಾತದಷ್ಟು ಹೆಚ್ಚುತ್ತದೆ. ಬಳಕೆಯಲ್ಲಿರುವ ಮಿತಿಯಾದ 1.2 ಮೀಟರನ್ನು 1.8ಕ್ಕೆ ಎಳೆದರೆ ಅಂತರ ಒಂದೂವರೆ ಪಟ್ಟಾಗುತ್ತದೆ, ಬಾಗು ಮಾತ್ರ ಐದು ಪಟ್ಟಾಗುತ್ತದೆ. ಏಳೆಂಟು ಹ್ಯಾಂಗರ್ ಉಳಿಸಿದ ಕೆಲಸ ಮೊದಲ ದಿನ ನೇರವಾಗಿಯೇ ಕಾಣಬಹುದು. ಎರಡು ಮಳೆಗಾಲ ಕಳೆದ ಮೇಲೆ ಬಿರುಕು ಅದನ್ನು ಹೇಳುತ್ತದೆ.

ಇನ್ನೊಂದು ತಪ್ಪು ಇದಕ್ಕೂ ದೊಡ್ಡದು. ಕೋಣೆಯ ಸರಿಮಧ್ಯದಲ್ಲಿ 9 ಕಿಲೋ ತೂಕದ ತೂಗುದೀಪವನ್ನು ಸೀಲಿಂಗ್ ಸೆಕ್ಷನ್‌ಗೆ ಸ್ಕ್ರೂ ಹಾಕಿ ನೇತುಹಾಕಿದ್ದರು. ಸೆಕ್ಷನ್ ಎಂದರೆ ಬೋರ್ಡನ್ನು ತಿರುಪುವ ತೆಳು ಪಟ್ಟಿ. ಬೋರ್ಡ್ ಹಿಡಿಯಲೆಂದೇ ಅದು ಇರುವುದು. ಕೋಣೆಯ ಮಧ್ಯಬಿಂದು ಎರಡು ಚಾನಲ್ ಸಾಲುಗಳ ನಡುವೆಯೂ, ಎರಡು ಹ್ಯಾಂಗರ್‌ಗಳ ನಡುವೆಯೂ ಬಿದ್ದಿತ್ತು. ಇಡೀ ಸೀಲಿಂಗ್‌ನಲ್ಲಿ ಆಧಾರದಿಂದ ಅತ್ಯಂತ ದೂರದ ಜಾಗ ಅದೇ. ತೂಗುದೀಪ ಇಡಲು ಎಲ್ಲರೂ ಆರಿಸುವುದೂ ಅದನ್ನೇ.

ಕರೆಂಟಿನ ಗುಟ್ಟು ಬಯಲಾದದ್ದು ಮಧ್ಯಾಹ್ನದ ಮೇಲೆ. ದೀಪಗಳ ವಯರುಗಳನ್ನು ಪೈಪ್ ಇಲ್ಲದೆ ಬೋರ್ಡಿನ ಬೆನ್ನ ಮೇಲೆ ಹಾಗೆಯೇ ಹರಡಿದ್ದರು. ಒಂದು ಕಡೆ ಸೆಕ್ಷನ್ ಮತ್ತು ಚಾನಲ್ ಸೇರುವಲ್ಲಿ, ಬಿಗಿದ ಕ್ಲಿಪ್ಪಿನ ಅಡಿಯಲ್ಲಿ ಫೇಸ್ ವಯರ್ ಸಿಕ್ಕಿಕೊಂಡು ಅದರ ಹೊದಿಕೆ ಕತ್ತರಿಸಿತ್ತು. ತಾಮ್ರ ನೇರವಾಗಿ ತಗಡಿಗೆ ತಾಗುತ್ತಿತ್ತು. ನನ್ನ ಜೊತೆ ಬರುವ ಪರವಾನಗಿ ಇರುವ ಎಲೆಕ್ಟ್ರಿಷಿಯನ್, ವಯರಿನ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಮೆಗ್ಗರ್ ಹಿಡಿದು ನೋಡಿ ಅದನ್ನು ಖಚಿತಪಡಿಸಿದರು. ಸ್ಲ್ಯಾಬ್ ಒಣಗಿದ್ದಾಗ ಆ ಚೌಕಟ್ಟಿನಿಂದ ಕರೆಂಟ್ ಹರಿದುಹೋಗಲು ದಾರಿಯಿರಲಿಲ್ಲ, ಆದ್ದರಿಂದ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್, ಅಂದರೆ ಆರ್‌ಸಿಸಿಬಿ, ಸುಮ್ಮನಿರುತ್ತಿತ್ತು. ಮಳೆಗೆ ಸ್ಲ್ಯಾಬ್ ನೆನೆದಾಗ ಹ್ಯಾಂಗರ್‌ಗಳ ಮೂಲಕ ಸೋರಿಕೆ ಶುರುವಾಗಿ ಅದು ಬೀಳುತ್ತಿತ್ತು. ಮಳೆಯ ದಿನ ಕರೆಂಟ್ ಹೋಗುತ್ತದೆ ಎಂದು ಟೀಚರ್ ಹೆದರಿದ್ದರು. ನನ್ನನ್ನು ನಡುಗಿಸಿದ್ದು ಬಿಸಿಲಿನ ದಿನಗಳು. ಆಗೆಲ್ಲ ತಲೆಯ ಮೇಲಿನ ಇಡೀ ಲೋಹದ ಜಾಲದಲ್ಲಿ 230 ವೋಲ್ಟ್ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಲೋಹದ ಮೈಯ ಆ ತೂಗುದೀಪವೂ ಅದೇ ಸೆಕ್ಷನ್‌ಗೆ ತಿರುಪಿದ್ದು. ಸ್ಟೂಲ್ ಹತ್ತಿ ಅದನ್ನು ಒರೆಸುವವರ ಇನ್ನೊಂದು ಕೈ ಎಲ್ಲಿರುತ್ತಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಎಲ್ಲವನ್ನೂ ಇಳಿಸಿದೆವು. ಮಳೆಯ ಸೋರಿಕೆ ನಿಲ್ಲದೆ ಹೊಸ ಬೋರ್ಡ್ ಹತ್ತಿಸುವುದು ವ್ಯರ್ಥವಾದ್ದರಿಂದ ತಾರಸಿಯ ಕೆಲಸ ಮುಗಿಯುವವರೆಗೆ ಕಾಯ್ದು, ದೀಪಾವಳಿ ಕಳೆದ ಮೇಲೆ ಶುರು ಮಾಡಿದೆ.

ಮೊದಲ ಕೆಲಸ ಸ್ಲ್ಯಾಬ್‌ನ ಅಡಿಯನ್ನು ಸುತ್ತಿಗೆಯಿಂದ ತಟ್ಟಿ ನೋಡುವುದು. ಕಡಲ ಗಾಳಿ ಬೀಸುವ ನಮ್ಮ ಊರುಗಳಲ್ಲಿ ಹಳೆಯ ಸ್ಲ್ಯಾಬ್‌ನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕೆಳಗಿನ ಪದರ ಬಿಟ್ಟುಕೊಂಡಿರುತ್ತದೆ. ಟೊಳ್ಳು ಸದ್ದು ಬಂದ ಕಡೆ ಆ್ಯಂಕರ್ ಹೊಡೆದರೆ ಅದು ಆ ಸಿಪ್ಪೆಯನ್ನಷ್ಟೇ ಹಿಡಿದಿರುತ್ತದೆ. ಇಲ್ಲಿ ಎರಡು ಕಡೆ ಅಂಥ ಸದ್ದು ಬಂತು, ಅಲ್ಲಿಂದ ಒಂದು ಗೇಣು ಸರಿದು ತೂತು ಹಾಕಿದೆವು. ಸ್ಲ್ಯಾಬ್‌ನಲ್ಲಿ ಹೂತಿರುವ ವಯರಿಂಗ್ ಪೈಪ್ ಯಾವ ಕಡೆ ಹೋಗಿದೆ ಎಂಬುದನ್ನು ಫ್ಯಾನ್ ಬಾಕ್ಸ್‌ಗಳನ್ನು ನೋಡಿ ಮೊದಲೇ ಗೆರೆ ಹಾಕಿಕೊಂಡಿದ್ದೆವು.

ಗೋಡೆಯ ಚಾನಲ್‌ಗೂ ಇಲ್ಲಿ ಒಂದು ತೊಡಕಿದೆ. ಮನೆ ಕೆಂಪುಕಲ್ಲಿನದು. ಕಲ್ಲಿನ ರಂಧ್ರದಲ್ಲಿ ಡ್ರಿಲ್ ಬಿದ್ದರೆ ತೂತು ಅಗಲವಾಗಿ ಪ್ಲಗ್ ಸುಮ್ಮನೆ ತಿರುಗುತ್ತದೆ. ನಾನು ಡ್ರಿಲ್‌ನ ಹೊಡೆತದ ಗುಂಡಿಯನ್ನು ಆಫ್ ಮಾಡಿ ಬರಿಯ ತಿರುಗುವಿಕೆಯಲ್ಲಿ ಕೊರೆಯುತ್ತೇನೆ, ಉದ್ದದ ಪ್ಲಗ್ ಬಳಸುತ್ತೇನೆ. 60 ಸೆಂಟಿಮೀಟರಿಗೊಂದು ಸಾಕು ಎನ್ನುವಲ್ಲಿ 40ಕ್ಕೆ ಒಂದು ಹಾಕುತ್ತೇನೆ.

ಚಾನಲ್ ಸಾಲುಗಳನ್ನು ಗೋಡೆಯಿಂದ 60 ಸೆಂಟಿಮೀಟರಿಗೆ ಆರಂಭಿಸಿ 1.2 ಮೀಟರಿಗೊಂದರಂತೆ ನಾಲ್ಕು ಹಾಕಿದೆ. ಪ್ರತಿ ಸಾಲಿಗೆ ನಾಲ್ಕು ಹ್ಯಾಂಗರ್. ಗೋಡೆಯಿಂದ 30 ಸೆಂಟಿಮೀಟರಿಗೆ ಮೊದಲನೆಯದು, ಆಮೇಲೆ ಮೀಟರಿಗೊಂದು. ಒಟ್ಟು ಹದಿನಾರು. ಒಂದೊಂದರ ಪಾಲಿಗೆ 15 ಕಿಲೋದೊಳಗೆ. ಮಿತಿ 1.2 ಮೀಟರ್ ಇದ್ದರೂ ಒಂದು ಮೀಟರಿಗೆ ನಿಲ್ಲಿಸಿದ್ದು ಬಾಗುವ ಲೆಕ್ಕಕ್ಕಾಗಿ. ಅಷ್ಟರಿಂದಲೇ ಬಾಗು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹ್ಯಾಂಗರ್ ಪಟ್ಟಿಯ ಮೇಲ್ತುದಿಗೆ ಕ್ಲೀಟ್, ಕ್ಲೀಟ್‌ಗೆ ಲೋಹದ ಡ್ಯಾಶ್ ಫಾಸ್ಟನರ್. ಮರದ ಗೂಟ ಎಲ್ಲಿಯೂ ಇಲ್ಲ. ಪಟ್ಟಿಯನ್ನು ಕತ್ತರಿಸಿದ ತುದಿಗಳಲ್ಲಿ ಸತುವಿನ ಲೇಪ ಹೋಗಿರುವುದರಿಂದ ಅಲ್ಲಿಗೆ ತುಕ್ಕು ತಡೆಯುವ ಬಣ್ಣ ಹಚ್ಚಿದೆವು.

ಸೀಲಿಂಗ್ ಸೆಕ್ಷನ್‌ಗಳ ಅಂತರ 45 ಸೆಂಟಿಮೀಟರ್. ಗೋಡೆಯಿಂದ 45ಕ್ಕೇ ಎಣಿಸುತ್ತ ಹೋದರೆ ನಾಲ್ಕನೆಯ ಸೆಕ್ಷನ್ ಕೋಣೆಯ ಸರಿಮಧ್ಯಕ್ಕೆ ಬರುತ್ತದೆ, ಅಂದರೆ ತೂಗುದೀಪದ ಕಂಬಿಗೆ ಅಡ್ಡ. ಆದ್ದರಿಂದ ಮೊದಲ ಸೆಕ್ಷನ್ ಅನ್ನು ಅರ್ಧ ಅಂತರಕ್ಕೆ, 22.5ಕ್ಕೆ ಇಟ್ಟೆ. ಮಧ್ಯಬಿಂದು ಎರಡು ಸೆಕ್ಷನ್‌ಗಳ ನಡುವಿನ ಬಯಲಿಗೆ ಬಂತು. ಬೋರ್ಡ್ ಸಾಲನ್ನೂ ಹಾಗೆಯೇ ಗೋಡೆಯ ಬದಿಯಲ್ಲಿ ಅರ್ಧ ಅಗಲದ ಪಟ್ಟಿಯಿಂದ ಶುರು ಮಾಡಿದ್ದರಿಂದ ಜಾಯಿಂಟ್ ಕೂಡ ಮಧ್ಯದಿಂದ ದೂರ ಸರಿಯಿತು. ನಾಲ್ಕಡಿ ಆರಡಿಯ ಎಂಟು ಬೋರ್ಡ್‌ಗಳಲ್ಲೇ ಕೆಲಸ ಮುಗಿಯಿತು.

ಆರು ಎಲ್‌ಇಡಿ ದೀಪಗಳ ಜಾಗವನ್ನು ಬೋರ್ಡ್ ಹತ್ತುವ ಮೊದಲೇ ನಿಗದಿ ಮಾಡಿದೆವು. ಇದನ್ನು ಆಮೇಲೆ ನೋಡೋಣ ಎಂದು ಬಿಟ್ಟ ಕಡೆಯೆಲ್ಲ ತೂತು ಕೊರೆಯುವ ಗರಗಸ ಸೆಕ್ಷನ್‌ನ ಮೇಲೆ ಬಿದ್ದು, ಯಾರಾದರೂ ಅದನ್ನು ಕತ್ತರಿಸಿಬಿಡುತ್ತಾರೆ. ಕತ್ತರಿಸಿದ ಸೆಕ್ಷನ್‌ಗೆ ಆಮೇಲೆ ಯಾವ ಆಧಾರವೂ ಇರುವುದಿಲ್ಲ. ಸೆಕ್ಷನ್‌ನ ಅಗಲ 8 ಸೆಂಟಿಮೀಟರ್, ನಮ್ಮ ದೀಪದ ತೂತು 15. ಎರಡು ಸೆಕ್ಷನ್‌ಗಳ ನಟ್ಟನಡುವೆ ಗುರುತು ಹಾಕಿದರೆ ಎರಡೂ ಬದಿಗೆ 11 ಸೆಂಟಿಮೀಟರ್ ಜಾಗ ಉಳಿಯುತ್ತದೆ. ಸೆಕ್ಷನ್ ಮತ್ತು ಚಾನಲ್ ಹೋಗುವ ಗೆರೆಗಳನ್ನು ಗೋಡೆಯ ಮೇಲೆ ಪೆನ್ಸಿಲ್‌ನಿಂದ ಗುರುತಿಸಿ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟೆ. ಇಂಥ ದೀಪ ಅರ್ಧ ಕಿಲೋ ಕೂಡ ಇರುವುದಿಲ್ಲ, ಸ್ಪ್ರಿಂಗ್ ಕ್ಲಿಪ್‌ನಿಂದ ಬೋರ್ಡೇ ಅದನ್ನು ಹಿಡಿಯಬಲ್ಲದು. ತೂತು ಮಾತ್ರ ಡಬ್ಬದ ಮೇಲೆ ಬರೆದ ಅಳತೆಯದೇ ಆಗಿರಬೇಕು. ದೊಡ್ಡದಾದರೆ ಕ್ಲಿಪ್ ಅಂಚನ್ನು ಪುಡಿಮಾಡಿ ದೀಪ ಕೆಳಗೆ ಜಾರುತ್ತದೆ.

ವಯರಿಂಗ್ ಅನ್ನು ಈ ಸಲ ಪಿವಿಸಿ ಪೈಪ್‌ನಲ್ಲಿ ಸ್ಲ್ಯಾಬ್‌ಗೇ ಕ್ಲಾಂಪ್ ಮಾಡಿ, ಪ್ರತಿ ದೀಪದ ತಲೆಯ ಮೇಲೆ ಒಂದು ಜಂಕ್ಷನ್ ಬಾಕ್ಸ್ ಇಟ್ಟು, ಅಲ್ಲಿಂದ ಬಾಗುವ ಪೈಪ್‌ನಲ್ಲಿ ಇಳಿಸಿದರು. ಜೋಡಣೆಯೆಲ್ಲ ಬಾಕ್ಸ್‌ನೊಳಗೆ ಕನೆಕ್ಟರ್‌ನಲ್ಲಿ. ಟೇಪ್ ಸುತ್ತಿದ ಗಂಟು ಒಂದೂ ಇಲ್ಲ, ಏಕೆಂದರೆ ನಮ್ಮ ತೇವಕ್ಕೆ ಟೇಪಿನ ಅಂಟು ಬಿಡುತ್ತದೆ. ಚೌಕಟ್ಟಿಗೆ ಹಸಿರು ವಯರ್‌ನಿಂದ ಅರ್ಥಿಂಗ್ ಕೊಡಿಸಿದೆ. ಮುಂದೆ ಎಲ್ಲಿಯಾದರೂ ವಯರ್ ತಾಗಿದರೂ ಆರ್‌ಸಿಸಿಬಿ ಮಳೆಗಾಗಿ ಕಾಯುವುದಿಲ್ಲ, ಆ ಕ್ಷಣವೇ ಬೀಳುತ್ತದೆ. ಬೋರ್ಡ್ ತಿರುಪುವ ಮೊದಲು ಒಮ್ಮೆ, ತಿರುಪಿ ಮುಗಿದ ಮೇಲೆ ಇನ್ನೊಮ್ಮೆ ಮೆಗ್ಗರ್ ಹಿಡಿದೆವು. ಎರಡನೆಯ ಪರೀಕ್ಷೆಯನ್ನು ಬಿಡಬಾರದು. ಬೋರ್ಡಿನ ಸ್ಕ್ರೂ ಮೇಲೆ ಹೋಗಿ ಯಾವ ವಯರನ್ನು ಚುಚ್ಚಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ತೂಗುದೀಪಕ್ಕೆ ಸ್ಲ್ಯಾಬ್‌ನಲ್ಲಿ ಬೇರೆಯೇ ತಟ್ಟೆ, ನಾಲ್ಕು ಡ್ಯಾಶ್ ಫಾಸ್ಟನರ್, ಅದರಿಂದ 8 ಮಿಲಿಮೀಟರ್ ದಪ್ಪದ, ತಿರುಪಿನ ಗೆರೆ ಕೊರೆದ ಕಂಬಿ. ಬೋರ್ಡ್ ಹತ್ತಿಸುವ ಮೊದಲು ಆ ಕಂಬಿಗೆ 50 ಕಿಲೋದ ಸಿಮೆಂಟ್ ಚೀಲ ಕಟ್ಟಿ, ಅದರ ಕೆಳಗೆ ಯಾರೂ ಹೋಗದಂತೆ ಬೆಂಚು ಅಡ್ಡವಿಟ್ಟು, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತಟ್ಟೆಗೂ ಸ್ಲ್ಯಾಬ್‌ಗೂ ನಡುವೆ ಕಾಗದ ಕೂಡ ತೂರಲಿಲ್ಲ. ಬೋರ್ಡಿನಲ್ಲಿ ಕಂಬಿಯ ತೂತನ್ನು ಬೇಕೆಂದೇ ಅಗಲ ಮಾಡಿದೆ. ದೀಪ ಅಲುಗಿದರೆ ಬೋರ್ಡಿಗೆ ತಾಗಬಾರದು, ಅಂಚನ್ನು ದೀಪದ ಬಟ್ಟಲೇ ಮುಚ್ಚುತ್ತದೆ. ಫ್ಯಾನ್‌ಗಳ ಕಂಬಿಗೂ ಇದೇ ಕ್ರಮ.

ಟೀಚರ್ ಬಂದು ಮೇಲೆ ನೋಡಿ, "ದೀಪ ಸೀಲಿಂಗ್‌ನಿಂದ ನೇತಾಡಿದ ಹಾಗೆಯೇ ಕಾಣುತ್ತದಲ್ಲ" ಎಂದರು. ಮುಂದಿನ ಆಟಿಯಲ್ಲಿ ಲೇಸರ್ ಲೆವೆಲ್ ಹಿಡಿದುಕೊಂಡು ನಾನಾಗಿಯೇ ಹೋಗಿದ್ದೆ. ಗೋಡೆಯ ಬದಿಗೂ ನಡುವಿಗೂ ಮಟ್ಟದಲ್ಲಿ ಎರಡು ಮಿಲಿಮೀಟರ್ ವ್ಯತ್ಯಾಸವಿತ್ತು, ಕೆಲಸ ಮುಗಿಸಿದ ದಿನವೂ ಅಷ್ಟೇ ಇತ್ತು. ಹೊರಗೆ ಮಳೆ ಸುರಿಯುತ್ತಿತ್ತು, ದೀಪ ಉರಿಯುತ್ತಿತ್ತು.