ಕತ್ತಲ ದೃಶ್ಯದಲ್ಲಿ ಪರದೆ ಮಿಣುಕುತ್ತಿದೆಯಾ? ವಿಆರ್‌ಆರ್ ಪರೀಕ್ಷಿಸುವುದು ಹೀಗೆ

ಆಟದಲ್ಲಿ ಗುಹೆಯೊಳಗೆ ಕಾಲಿಟ್ಟಿದ್ದೀರಿ. ಗೋಡೆಯ ಬೂದು ಬಣ್ಣ ಒಮ್ಮೆ ತಿಳಿಯಾಗುತ್ತದೆ, ಮರುಕ್ಷಣವೇ ಮಂಕಾಗುತ್ತದೆ. ಹೊರಗೆ ಬಿಸಿಲಿಗೆ ಬಂದರೆ ಎಲ್ಲ ಸರಿ. ಟಿ.ವಿ. ಕೆಟ್ಟಿತು ಅಂತ ಗಾಬರಿಯಾಗುವುದು ಸಹಜ. ಆದರೆ ಹೀಗೆ ಕತ್ತಲಲ್ಲಿ ಮಾತ್ರ ಮಿಣುಕಿದರೆ ನನ್ನ ಮೊದಲ ಅನುಮಾನ ವಿಆರ್‌ಆರ್ ಮೇಲೆ, ಅಂದರೆ ವೇರಿಯಬಲ್ ರಿಫ್ರೆಶ್ ರೇಟ್ ಮೇಲೆ.

ಮೊದಲು ಅದರ ಕೆಲಸ ನೋಡೋಣ. 60 ಹರ್ಟ್ಸ್‌ನ ಪರದೆ ಪ್ರತಿ 16.7 ಮಿಲಿಸೆಕೆಂಡಿಗೆ ಒಮ್ಮೆ ಹೊಸ ಚಿತ್ರ ಬರೆಯುತ್ತದೆ. ಕನ್ಸೋಲ್ ಒಂದು ಫ್ರೇಮ್ ತಯಾರಿಸಲು 18 ಮಿಲಿಸೆಕೆಂಡ್ ತೆಗೆದುಕೊಂಡರೆ ಆ ಸರದಿ ತಪ್ಪಿತು. ಪರದೆ ಹಳೆಯ ಚಿತ್ರವನ್ನೇ ಮತ್ತೊಮ್ಮೆ ತೋರಿಸುತ್ತದೆ, ಆಟ ಮುಗ್ಗರಿಸಿದಂತೆ ಕಾಣುತ್ತದೆ. ಕಾಯದೆ ಅರ್ಧದಲ್ಲೇ ಹೊಸ ಚಿತ್ರ ತುರುಕಿದರೆ ಪರದೆಯ ಮೇಲರ್ಧ ಹಳೆಯದು, ಕೆಳಗಿನರ್ಧ ಹೊಸದು. ನಡುವೆ ಹರಿದ ಗೆರೆ.

ವಿಆರ್‌ಆರ್‌ನಲ್ಲಿ ಪರದೆಯೇ ಕಾಯುತ್ತದೆ. ಎಚ್‌ಡಿಎಂಐ ತಂತಿಯಲ್ಲಿ ಎರಡು ಫ್ರೇಮ್‌ಗಳ ನಡುವೆ ಚಿತ್ರವಿಲ್ಲದ ಒಂದು ಸಣ್ಣ ಬಿಡುವು ಯಾವಾಗಲೂ ಇರುತ್ತದೆ. ಕನ್ಸೋಲ್ ಆ ಬಿಡುವನ್ನೇ ಎಳೆದು ಉದ್ದ ಮಾಡುತ್ತದೆ. ಫ್ರೇಮ್ ಸಿದ್ಧವಾದ ಕೂಡಲೇ ಎಂದಿನ ವೇಗದಲ್ಲೇ ಕಳಿಸುತ್ತದೆ. ಬದಲಾಗುವುದು ಕಾಯುವ ಹೊತ್ತು ಮಾತ್ರ. ಇದಕ್ಕೆ ಮಿತಿ ಉಂಟು. ಎಷ್ಟರಿಂದ ಎಷ್ಟರವರೆಗೆ ತಾಳಬಲ್ಲೆ ಎಂದು ಟಿ.ವಿ. ಮೊದಲೇ ಕನ್ಸೋಲ್‌ಗೆ ತಿಳಿಸಿರುತ್ತದೆ. ಅನೇಕ ಟಿ.ವಿ.ಗಳಲ್ಲಿ ಅದು 48ರಿಂದ 120 ಹರ್ಟ್ಸ್.

ಮಿಣುಕು ಹುಟ್ಟುವುದು ಈ ಕಾಯುವಿಕೆಯಲ್ಲೇ. ಎಲ್‌ಸಿಡಿಯ ಪ್ರತಿ ಪಿಕ್ಸೆಲ್ ತನಗೆ ಸಿಕ್ಕ ಚಾರ್ಜನ್ನು ಮುಂದಿನ ಫ್ರೇಮ್ ಬರುವವರೆಗೆ ಹಿಡಿದಿಟ್ಟುಕೊಳ್ಳಬೇಕು. ಅದು ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಹೆಚ್ಚು ಹೊತ್ತು ಕಾದಷ್ಟೂ ಬೆಳಕು ಸರಿಯುತ್ತದೆ. ಒಎಲ್‌ಇಡಿಯಲ್ಲಿ ಕಪ್ಪಿಗೆ ಹತ್ತಿರದ ಬಣ್ಣಗಳನ್ನು ಒಂದು ನಿಗದಿತ ವೇಗಕ್ಕೆ ಹೊಂದಿಸಿರುತ್ತಾರೆ. ವೇಗ ಬದಲಾದರೆ ಆ ಹೊಂದಾಣಿಕೆ ತುಸು ತಪ್ಪುತ್ತದೆ. ಎರಡರಲ್ಲೂ ವ್ಯತ್ಯಾಸ ಚಿಕ್ಕದೇ. ಆದರೆ ಕತ್ತಲಲ್ಲಿ ಅಷ್ಟು ಚಿಕ್ಕದೂ ಕಣ್ಣಿಗೆ ಬೀಳುತ್ತದೆ, ಅಲ್ವಾ? ವೇಗ ನಿಧಾನವಾಗಿ ಇಳಿದರೆ ನಾವು ಗಮನಿಸುವುದಿಲ್ಲ. ಒಮ್ಮೆಲೇ ಹಾರಿದರೆ ಗೊತ್ತಾಗುತ್ತದೆ.

ಆ ಹಾರಾಟ ಎಲ್ಲಿ ಆಗುತ್ತದೆ ಎಂದು ಒಂದು ಲೆಕ್ಕ ಹಾಕೋಣ. ನಿಮ್ಮ ಆಟ ಸೆಕೆಂಡಿಗೆ 49 ಫ್ರೇಮ್ ಕೊಡುತ್ತಿದೆ. ಪರದೆ 49 ಹರ್ಟ್ಸ್‌ನಲ್ಲಿದೆ, ಪ್ರತಿ ಚಿತ್ರ ಸುಮಾರು 20.4 ಮಿಲಿಸೆಕೆಂಡ್ ನಿಲ್ಲುತ್ತದೆ. ಆಟ 47ಕ್ಕೆ ಇಳಿಯಿತು. ಪರದೆಗೆ 48ರ ಕೆಳಗೆ ಹೋಗಲು ಬರುವುದಿಲ್ಲ. ಆಗ ಕನ್ಸೋಲ್ ಪ್ರತಿ ಫ್ರೇಮನ್ನೂ ಎರಡು ಸಲ ಕಳಿಸುತ್ತದೆ. ಈ ಉಪಾಯಕ್ಕೆ ಎಲ್‌ಎಫ್‌ಸಿ ಎಂದು ಹೆಸರು. ಪರದೆ ಈಗ 94 ಹರ್ಟ್ಸ್‌ಗೆ ಜಿಗಿಯಿತು, ಕಾಯುವ ಹೊತ್ತು 10.6 ಮಿಲಿಸೆಕೆಂಡಿಗೆ ಬಿತ್ತು. ಆಟ ಕಳೆದುಕೊಂಡದ್ದು ಎರಡೇ ಫ್ರೇಮ್, ಪರದೆಯ ವೇಗ ಮಾತ್ರ ಹೆಚ್ಚುಕಡಿಮೆ ಇಮ್ಮಡಿ! ಆಟ 47 ಮತ್ತು 49ರ ನಡುವೆ ಓಲಾಡಿದರೆ ಗುಹೆಯ ಗೋಡೆಯೂ ಜೊತೆಗೆ ಮಿಣುಕುತ್ತದೆ. ಎಕ್ಸ್‌ಬಾಕ್ಸ್ ಸರಣಿಯಲ್ಲಿ ಈ ಇಮ್ಮಡಿ ಕೆಲಸ ಕನ್ಸೋಲ್‌ನದೇ. ಪಿಎಸ್‌5ನಲ್ಲಿ ಆಟವೇ ಅದನ್ನು ಮಾಡಿಕೊಳ್ಳಬೇಕು. ಮಾಡದಿದ್ದರೆ 48ರ ಕೆಳಗೆ ಹಳೆಯ ಮುಗ್ಗರಿಕೆ ಮರಳುತ್ತದೆ.

ಈಗ ಪರೀಕ್ಷೆ. ಮಿಣುಕುವ ಜಾಗದಲ್ಲೇ ಆಟ ನಿಲ್ಲಿಸಿ, ವಿಆರ್‌ಆರ್ ಆಫ್ ಮಾಡಿ. ಪಿಎಸ್‌5ನಲ್ಲಿ Settings, ಆಮೇಲೆ Screen and Video, ಅಲ್ಲಿ Video Output ಒಳಗೆ VRR ಸಿಗುತ್ತದೆ. ಎಕ್ಸ್‌ಬಾಕ್ಸ್‌ನಲ್ಲಿ Video modes ಒಳಗಿನ Allow variable refresh rate. ಅದೇ ಜಾಗಕ್ಕೆ ಮರಳಿ ನೋಡಿ. ಮಿಣುಕು ಹೋಯಿತೆಂದರೆ ಕಾರಣ ಸಿಕ್ಕಿತು. ಆದರೆ ಚಿತ್ರ ಪೂರ್ತಿ ಕಪ್ಪಾಗಿ ಮತ್ತೆ ಬರುವುದು ಅಥವಾ ಬಿಳಿ ಚುಕ್ಕಿ ಎರಚಿದಂತೆ ಕಾಣುವುದು ಬೇರೆ ಕಾಯಿಲೆ. ಅದಕ್ಕೆ ಮೊದಲು ಕೇಬಲ್ ಬದಲಿಸಿ ನೋಡಿ.

ಕಾರಣ ಖಚಿತವಾದ ಮೇಲೆ ವಿಆರ್‌ಆರ್ ಆನ್ ಮಾಡಿ, ಆಟದ ಸೆಟ್ಟಿಂಗ್‌ಗೆ ಹೋಗಿ. ಗುಣಮಟ್ಟದ ಮೋಡ್ ಬಿಟ್ಟು ಪರ್ಫಾರ್ಮೆನ್ಸ್ ಮೋಡ್ ಆರಿಸಿ. ಫ್ರೇಮ್ ಸಂಖ್ಯೆ 60ರ ಆಸುಪಾಸಿಗೆ ಏರಿದರೆ 48ರ ಗಡಿ ದೂರವಾಗುತ್ತದೆ. ನನ್ನ ಮಟ್ಟಿಗೆ ಇದೇ ಒಳ್ಳೆಯ ಮದ್ದು. ಕೆಲವು ಟಿ.ವಿ.ಗಳ ಗೇಮ್ ಮೆನುವಿನಲ್ಲಿ ಕತ್ತಲ ಭಾಗವನ್ನು ಮಾತ್ರ ತಿದ್ದುವ ಆಯ್ಕೆಯಿದೆ. ಎಲ್‌ಜಿಯಲ್ಲಿ ಅದರ ಹೆಸರು Fine Tune Dark Areas. ಅದನ್ನು ಇಳಿಸಿದರೆ ಮಿಣುಕು ಮರೆಯಾಗಬಹುದು, ಆದರೆ ನೆರಳಿನ ವಿವರವೂ ಮುಳುಗುತ್ತದೆ. ಒಂದೊಂದೇ ಹೆಜ್ಜೆ ಇಳಿಸಿ ನೋಡಿ.

ಲೋಡಿಂಗ್ ಪರದೆಯಲ್ಲಿ ಮಾತ್ರ ಮಿಣುಕಿದರೆ ಸುಮ್ನೆ ಬಿಟ್ಟುಬಿಡಿ. ಅಲ್ಲಿ ಫ್ರೇಮ್ ವೇಗ ಹುಚ್ಚಾಪಟ್ಟೆ ಏರಿಳಿಯುತ್ತದೆ, ಆಟ ಶುರುವಾದರೆ ನಿಲ್ಲುತ್ತದೆ. ಇನ್ನು ಆಟ ಯಾವಾಗಲೂ 60ರಲ್ಲೇ ಗಟ್ಟಿಯಾಗಿ ನಿಂತಿದ್ದರೆ ವಿಆರ್‌ಆರ್‌ನಿಂದ ಜಾಸ್ತಿ ಲಾಭವಿಲ್ಲ. ಆ ಒಂದು ಆಟಕ್ಕೆ ಆಫ್ ಮಾಡಿಕೊಂಡೇ ಆಡಿ.