ಮದುವೆ ಫೋಟೋ ಕೇಳಿದವರಿಗೆ ಎಷ್ಟು ಹೊತ್ತು ಬಿಟ್ಟು ಉತ್ತರಿಸಬೇಕು: ನನ್ನ ಅನುಭವ

ಹಾಸನದಲ್ಲಿ ಮದುವೆ ಫೋಟೋ ತೆಗೆಯೋಕೆ ಶುರು ಮಾಡಿ 11 ವರ್ಷ ಆಯ್ತು. "ಗಡಿಯಾರ ನೋಡ್ಕೊಂಡು ರಿಪ್ಲೈ ಮಾಡಿದ್ರೆ ಬುಕಿಂಗ್ ಬರುತ್ತಾ?" ಅಂತ ನಮ್ಮೂರಿನ ಫೋಟೋಗ್ರಾಫರ್ ಗೆಳೆಯರು ನಕ್ಕಿದ್ದರು. ಹೋದ ವರ್ಷ ವಾಟ್ಸಾಪಿನಲ್ಲಿ ಕೇಳಿದವರು ಸುಮಾರು 40 ಜನ, ಅದರಲ್ಲಿ ಹದಿನೇಳೋ ಹದಿನೆಂಟೋ ಕುದುರಿದವು. ಅದಕ್ಕೂ ಹಿಂದಿನ ವರ್ಷ 10 ದಾಟಿರಲಿಲ್ಲ. ಈಗ ನಗುವವರು ಕಡಿಮೆ.

ಮೊದಲು ಸೋತ ಕಥೆ. ಒಂದು ಆಷಾಢ. ಮದುವೆ ಇಲ್ಲ, ಕೈ ಖಾಲಿ. ರಾತ್ರಿ 11ಕ್ಕೆ ಮೆಸೇಜ್ ಬಂತು: "ಕಾರ್ತಿಕದಲ್ಲಿ ಮದುವೆ, ಎರಡು ದಿನ, ರೇಟ್ ಎಷ್ಟು?" ಅರ್ಧ ನಿಮಿಷದಲ್ಲಿ 85,000 ಅಂತ ಪೂರ್ತಿ ಪಟ್ಟಿ ಕಳಿಸಿದೆ. ಅವರು ಕಡಿಮೆ ಮಾಡಿ ಅಂದರು. ತಕ್ಷಣ 75 ಅಂದೆ. ಇನ್ನೊಮ್ಮೆ ಕೇಳಿದರು. ಹತ್ತು ನಿಮಿಷದಲ್ಲಿ 62ಕ್ಕೆ ಇಳಿದಿದ್ದೆ. ಆಮೇಲೆ ಆಲ್ಬಮ್ ಆರಿಸೋಕೆ ಬಂದಾಗ ಹುಡುಗಿಯ ಸೋದರಮಾವ ನಗುತ್ತಲೇ ಹೇಳಿದರು: "ಫೋನ್ ಹಿಡ್ಕೊಂಡೇ ಕೂತಿದ್ರಲ್ಲ ಸರ್, ಕೆಲಸ ಇಲ್ಲ ಅಂತ ಗೊತ್ತಾಯ್ತು." ಆ ಒಂದು ರಾತ್ರಿಗೆ 23,000 ಹೋಯ್ತು.

ಹಟ ಬಂತು. ಇನ್ನು ಮೇಲೆ ಒಂದು ದಿನ ಬಿಟ್ಟೇ ಉತ್ತರ ಅಂತ ಮಾಡಿಕೊಂಡೆ. ಮೂರು ಮದುವೆ ಕೈ ಬಿಟ್ಟವು. ಛತ್ರ ಗೊತ್ತಾದ ಮೇಲೆ ಮನೆಯವರು ಒಂದೇ ಮಧ್ಯಾಹ್ನ ಮೂರು ನಾಲ್ಕು ಜನಕ್ಕೆ ಮೆಸೇಜ್ ಹಾಕಿರ್ತಾರೆ, ಸಂಜೆಯೊಳಗೆ ಯಾರೋ ಒಬ್ಬರು ಮನಸ್ಸಿಗೆ ಬಂದಿರ್ತಾರೆ. ಒಬ್ಬ ತಾಯಿಯಂತೂ ಸರಿಯಾಗಿ ಹಿಡಿದರು: "ನಮ್ಮ ಮೆಸೇಜ್ ನೋಡೋಕೆ ಪುರುಸೊತ್ತಿಲ್ಲ, ಸ್ಟೇಟಸ್ ಹಾಕೋಕೆ ಇದೆಯಲ್ಲಪ್ಪ!" ಉತ್ತರ ಬಾಕಿ ಇರುವಾಗ ಸ್ಟೇಟಸ್ ಹಾಕೋದನ್ನು ಅವತ್ತೇ ಬಿಟ್ಟೆ.

ನೀಲಿ ಟಿಕ್ ಆಫ್ ಮಾಡಿಯೂ ನೋಡಿದೆ. ನಾನು ಕಳಿಸಿದ ರೇಟ್ ಅವರು ನೋಡಿದರೋ ಇಲ್ಲವೋ ನನಗೂ ಗೊತ್ತಾಗದೆ ಹೋಯ್ತು. ವಾಯ್ಸ್ ಮೆಸೇಜ್ ಕೇಳಿದರೆ ಆಫ್ ಇದ್ದರೂ ಆ ಕಡೆ ಗೊತ್ತಾಗೇ ಆಗುತ್ತೆ. ಮತ್ತೆ ಆನ್ ಮಾಡಿದೆ. ಈಗ ಮೇಲಿನ ನೋಟಿಫಿಕೇಶನ್‌ನಲ್ಲೇ ಓದ್ತೀನಿ, ಉತ್ತರ ಬರೆಯುವಾಗ ಮಾತ್ರ ಚಾಟ್ ತೆರೀತೀನಿ.

ಕೊನೆಗೆ ಹತ್ತಿದ ದಾರಿ ಏನಂದರೆ, ಎಲ್ಲ ಮೆಸೇಜಿಗೂ ಒಂದೇ ಗಡುವು ಇಡಬಾರದು. ಮೊದಲ ಮೆಸೇಜಿಗೆ 10ರಿಂದ 20 ನಿಮಿಷ. ರಾತ್ರಿ 9ರ ಮೇಲೆ ಬಂದರೆ ಬೆಳಿಗ್ಗೆ ಎಂಟೂವರೆಗೆ. ಆದರೆ ಆ ಉತ್ತರದಲ್ಲಿ ರೇಟ್ ಇರಲ್ಲ. "ಯಾವ ಛತ್ರ? ಹಿಂದಿನ ಸಂಜೆ ರಿಸೆಪ್ಷನ್ ಇದೆಯಾ? ಡೈರಿ ನೋಡಿ ಸಂಜೆ 7ಕ್ಕೆ ಕಳಿಸ್ತೀನಿ" ಅಷ್ಟೇ. ಹೊತ್ತು ಹೇಳಿಬಿಟ್ಟರೆ ಕಾಯೋದು ಯಾರಿಗೂ ಬೇಜಾರಿಲ್ಲ. ಆದರೆ 7 ಅಂದರೆ 7, ಏಳೂಕಾಲು ಅಲ್ಲ. ಚೌಕಾಸಿ ಮೆಸೇಜಿಗೆ ಎರಡು ಮೂರು ಗಂಟೆ, ಸಂಜೆ ಬಂದಿದ್ದರೆ ಮರುದಿನ ಬೆಳಿಗ್ಗೆ. ಆ ಹೊತ್ತಲ್ಲಿ ಸುಮ್ನೆ ಕೂರಲ್ಲ. ಹುಡುಗರ ಸಂಬಳ, ಆಲ್ಬಮ್ ಹಾಳೆ ಎಲ್ಲ ಲೆಕ್ಕ ಹಾಕ್ತೀನಿ.

ಹೋದ ಫಾಲ್ಗುಣದ್ದು ಹೇಳ್ತೀನಿ. ಬೆಳಿಗ್ಗೆ ಹನ್ನೊಂದೂವರೆಗೆ ಮೆಸೇಜ್ ಬಂತು, ಕಾಲು ಗಂಟೆ ಬಿಟ್ಟು ಛತ್ರ ಕೇಳಿದೆ. ಸಂಜೆ 7ಕ್ಕೆ 88,000 ಕಳಿಸಿದೆ. ಏಳೂವರೆಗೆ "70ಕ್ಕೆ ಮಾಡ್ಕೊಡಿ ಸರ್." ಕೈ ತುರಿಸಿತು, ಫೋನನ್ನು ಹೆಂಡತಿ ಕೈಗೆ ಕೊಟ್ಟೆ. ಬೆಳಿಗ್ಗೆ 9ಕ್ಕೆ ಉತ್ತರ ಬರೆದೆ. ಮಧ್ಯಾಹ್ನದೊಳಗೆ 82,000ಕ್ಕೆ ಮುಗೀತು, 20,000 ಅಡ್ವಾನ್ಸ್ ಬಂತು. ಬೆಳಿಗ್ಗೆ ಏನು ಬರೆದೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಹೊತ್ತು ತಪ್ಪಿದ್ದು ಹೀಗೆ ಗೊತ್ತಾಗುತ್ತೆ. ಬರೀ "?" ಬಂದರೆ ತಡ ಮಾಡಿದ್ದೀರಿ. ಹೇಳಿದ್ದರಲ್ಲಿ ಅರ್ಧಕ್ಕೇ ಕೇಳಿದರೆ ಆತುರಪಟ್ಟಿದ್ದೀರಿ. ಮುಂದಿನ ವಾರದ ಮದುವೆ, ಆಲ್ಬಮ್ ತಕರಾರು, ಅಡ್ವಾನ್ಸ್ ಹಾಕಿದ ಸ್ಕ್ರೀನ್‌ಶಾಟ್, ಇವಕ್ಕೆ ಈ ಲೆಕ್ಕವೇ ಇಲ್ಲ. ನೋಡಿದ ಕೂಡಲೇ ಉತ್ತರ.

ನಡುವೆ ಬಿಸಿನೆಸ್ ವಾಟ್ಸಾಪಿನ ಸ್ವಾಗತದ ಮೆಸೇಜೂ ಹಾಕಿ ನೋಡಿದೆ. 14 ದಿನ ಮಾತಿಲ್ಲದವರು ಮೆಸೇಜ್ ಮಾಡಿದರೆ ಅದೇ ಮತ್ತೆ ಹೋಗುತ್ತೆ ಅಂತ ಗೊತ್ತಿರಲಿಲ್ಲ. ನಮ್ಮ ದೊಡ್ಡಪ್ಪ "ಹೇಗಿದ್ದೀಯ ಮಗಾ" ಅಂತ ಕೇಳಿದ್ದಕ್ಕೆ "ನಮ್ಮ ಸ್ಟುಡಿಯೋ ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು" ಅಂತ ಹೋಯ್ತು. ಈಗ ಫೋನಿನಲ್ಲಿ ಹೆಸರು ಇಲ್ಲದ ನಂಬರಿಗೆ ಮಾತ್ರ ಹೋಗೋ ಹಾಗೆ ಇಟ್ಟಿದ್ದೀನಿ. ದೊಡ್ಡಪ್ಪ ಇವತ್ತಿಗೂ ನನ್ನನ್ನು "ಸ್ಟುಡಿಯೋದವರೇ" ಅಂತಲೇ ಕರೀತಾರೆ.